ಮಾರ್ತಿಲ್ಲ ಸಾರ್, ಕೇಳ್ತಿದ್ದೀನಿ

"ನಾನು ಮಾರ್ತಿಲ್ಲ ಸಾರ್, ಕೊಳ್ಳಬೇಕಾ ಬೇಡ್ವಾ ಅಂತ ಕೇಳ್ತಿದ್ದೀನಿ."

ನಮ್ಮ ತೆಂಗು ಬೆಳೆಗಾರರ ಮೇಲಿಂಗ್ ಲಿಸ್ಟ್‌ನಿಂದ ವಾಪಸ್ ಹೋದ ಪತ್ರಕ್ಕೆ ಚಿಕ್ಕನಾಯಕನಹಳ್ಳಿ ಕಡೆಯ ರೈತರೊಬ್ಬರು ಕೊಟ್ಟ ಉತ್ತರ ಇದು. ಈ ವಾರವೆಲ್ಲ ತಲೆಯಲ್ಲಿ ಇದೇ ಸುತ್ತುತ್ತಿದೆ.

ಹೊಸಬರ ಮೊದಲ ಕೆಲವು ಪತ್ರಗಳು ನೇರವಾಗಿ ಎಲ್ಲರಿಗೂ ಹೋಗುವುದಿಲ್ಲ, ಕ್ಯೂನಲ್ಲಿ ನಿಲ್ಲುತ್ತವೆ. ಅವನ್ನು ನಾನು, ಇಲ್ಲವೇ ತುಮಕೂರಿನಲ್ಲೇ ಇರುವ ನಿವೃತ್ತ ಮೇಷ್ಟ್ರು ನೋಡುತ್ತೇವೆ. ಮೇಷ್ಟ್ರು ಶಿಸ್ತಿನ ಮನುಷ್ಯ. ಕಾಗುಣಿತ ಸರಿಯಿದ್ದರೆ ಅರ್ಧ ಪಾಸಾದಂತೆ.

ಆ ರೈತರು ಬರೆದದ್ದು ಮೂರೇ ಸಾಲು. ಮರದ ಬುಡದ ಹತ್ತಿರ ಕಂದು ರಸ ಸೋರ್ತಿದೆ, ಅಂಗಡಿಯವನು ಈ ಔಷಧಿ ಕೊಡ್ತಾನಂತೆ, ಹಾಕಬಹುದಾ? ಕೆಳಗೆ ಔಷಧಿ ಹೆಸರು, ಬೆಲೆ, ಅಂಗಡಿಯ ನಂಬರ್. ಬೆಲೆ, ನಂಬರ್ ಕಂಡದ್ದೇ ತಡ, ಮೇಷ್ಟ್ರು 'ಜಾಹೀರಾತಿಗೆ ಅವಕಾಶವಿಲ್ಲ' ಎಂದು ರಿಜೆಕ್ಟ್ ಮಾಡಿದರು.

ಅದೇ ದಿನ ಇನ್ನೊಂದು ಪತ್ರ. "ಉಪಯುಕ್ತ ಮಾಹಿತಿಗೆ ಧನ್ಯವಾದಗಳು, ಬಳಗ ಸೇರಿದ್ದು ಸಂತೋಷ." ಒಂದು ತಪ್ಪಿಲ್ಲ. ಮೇಷ್ಟ್ರಿಗೆ ಬಹಳ ಹಿಡಿಸಿತು. ನನಗೆ ಹಿಡಿಸಲಿಲ್ಲ, ಏಕೆಂದರೆ ಅದರಲ್ಲಿ ತೆಂಗೇ ಇರಲಿಲ್ಲ. ಯಾವ ಗುಂಪಿಗೆ ಕಳಿಸಿದರೂ ನಡೆಯುವ ಪತ್ರ ಅದು. ಸ್ಪ್ಯಾಮ್ ಕಳಿಸುವವರ ಹಳೇ ಉಪಾಯವೇ ಇದು: ಮೊದಲ ಪತ್ರ ಚೊಕ್ಕವಾಗಿರುತ್ತದೆ, ಅಪ್ರೂವ್ ಆಗಿ ತಡೆ ಹೋದ ಮೇಲೆ ಲಿಂಕ್ ಬರುತ್ತದೆ. ಹಾಗಾಗಿ ಹೋಲ್ಡ್‌ನಲ್ಲಿಟ್ಟು, "ನಿಮ್ಮದು ಯಾವ ತಾಲ್ಲೂಕು, ಎಷ್ಟು ಮರ ಇದೆ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಬಂದದ್ದು ಸಾಲ ಕೊಡಿಸುತ್ತೇವೆ ಎಂಬ ಲಿಂಕ್. ಅದೂ ಕ್ಯೂನಲ್ಲೇ ನಿಂತಿತ್ತು.

ಆ ಧನ್ಯವಾದದ ಪತ್ರ, ಈ ಲಿಂಕ್ ಎರಡನ್ನೂ ಡಿಸ್ಕಾರ್ಡ್ ಮಾಡಿದೆ. "ಇದಕ್ಕೆ ರಿಜೆಕ್ಟ್ ಬೇಡ್ವಾ?" ಎಂದರು ಮೇಷ್ಟ್ರು. ಬೇಡ. ರಿಜೆಕ್ಟ್ ಮಾಡಿದರೆ ಕಾರಣದ ಸಮೇತ ಪತ್ರ ವಾಪಸ್ ಹೋಗುತ್ತದೆ. ಸ್ಪ್ಯಾಮ್‌ನಲ್ಲಿ ಕಳಿಸಿದವರ ವಿಳಾಸ ಎಷ್ಟೋ ಸಲ ಕದ್ದದ್ದು. ನಮ್ಮ ಉತ್ತರ ಯಾರೋ ಪಾಪದವರ ಇನ್‌ಬಾಕ್ಸ್‌ಗೆ ಬೀಳುತ್ತದೆ, ಅವರು ನಮ್ಮನ್ನೇ ಸ್ಪ್ಯಾಮ್ ಅಂತ ಒತ್ತುತ್ತಾರೆ. ಡಿಸ್ಕಾರ್ಡ್ ಆದರೆ ಸದ್ದಿಲ್ಲದೆ ಹೋಗುತ್ತದೆ. ರಿಜೆಕ್ಟ್ ಇರುವುದು ತಿದ್ದಿಕೊಂಡು ಮತ್ತೆ ಬರಬೇಕಾದವರಿಗೆ.

ಅದಕ್ಕೇ ರೈತರಿಗೆ ನಾನೇ ಬರೆದೆ: "ಅಂಗಡಿ ನಂಬರ್ ತೆಗೆದು ಮತ್ತೆ ಕಳಿಸಿ, ಔಷಧಿ ಹೆಸರು ಇರಲಿ." ಹೆಸರು ತೆಗೆದರೆ ಪ್ರಶ್ನೆಯೇ ಉಳಿಯುವುದಿಲ್ಲ, ಅಲ್ವಾ? ಕಳಿಸಿದರು, ಅಪ್ರೂವ್ ಮಾಡಿದೆ. ಅವರ ಮೇಲಿನ ತಡೆ ಮಾತ್ರ ಇನ್ನೆರಡು ಪತ್ರ ಇರಲಿ ಅಂತ ಬಿಟ್ಟಿದ್ದೇನೆ. ಅದು ಎಲ್ಲ ಹೊಸಬರಿಗೂ ಉಂಟು.

ಸಂಜೆಯೊಳಗೆ ತಿಪಟೂರಿನವರೊಬ್ಬರು ಬರೆದರು: ಸೋರುವ ಕಡೆ ಕೆಟ್ಟ ತೊಗಟೆ ಕೆತ್ತಿ ತೆಗೆದು ಬೋರ್ಡೋ ಪೇಸ್ಟ್ ಹಚ್ಚಿ, ಬುಡದಲ್ಲಿ ನೀರು ನಿಲ್ಲಿಸಬೇಡಿ. ಔಷಧಿ ಬಗ್ಗೆ ಇಬ್ಬರು ಜಗಳಕ್ಕೇ ಬಿದ್ದಿದ್ದಾರೆ.

ಮೇಷ್ಟ್ರು ಇನ್ನೂ ಒಪ್ಪಿಲ್ಲ. "ಬೆಲೆ ಯಾಕೆ ಬರೀಬೇಕಿತ್ತು?" ಅಂತಾರೆ. ಕೊಳ್ಳುವವನು ಇನ್ನೇನು ಬರೆಯಬೇಕು, ಮೇಷ್ಟ್ರೇ?