ಟೀಚರ್ ಮನೆಯ ಮೈನಸ್ ಲೆಕ್ಕ

ಜೂನ್ 14, 2025, ಶನಿವಾರ
ಮೈಸೂರು

ಕೆಳಗಿನ ಮನೆ ಟೀಚರ್ ಇವತ್ತೂ ಇಂಟರ್‌ನೆಟ್ ಕಂಪನಿಯವರಿಗೆ ಬೈಯುತ್ತಿದ್ದರು. ವಾರಗಟ್ಟಲೆ ಇದೇ ಕಥೆ. ರೂಮಿನಲ್ಲಿ ಮಂಚದ ಮೇಲೆ ಕೂತು ಮಗಳಿಗೆ ವಿಡಿಯೋ ಕಾಲ್ ಮಾಡಿದರೆ ಮುಖ ಹಾಗೇ ನಿಂತುಬಿಡುತ್ತದೆ. ಕಂಪನಿ ಹುಡುಗ ಬರುತ್ತಾನೆ, ಹಾಲ್‌ನಲ್ಲಿ ರೂಟರ್ ಪಕ್ಕ ನಿಂತು ಸ್ಪೀಡ್ ನೋಡುತ್ತಾನೆ, "50ಕ್ಕೆ 47 ಬರ್ತಿದೆ ಮೇಡಂ" ಎಂದು ಹೊರಡುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಆದರೆ ಅವನು ನೋಡುವ ಜಾಗದಲ್ಲಿ ಇವರು ಮಾತಾಡುವುದೇ ಇಲ್ಲ.

ಮಧ್ಯಾಹ್ನ ಟೀಚರ್ ಮೊಬೈಲಿಗೆ ವೈಫೈ ಸಿಗ್ನಲ್ ತೋರಿಸುವ ಆ್ಯಪ್ ಹಾಕಿಕೊಟ್ಟೆ. ರೂಟರ್ ಹತ್ತಿರ -38 dBm ಅಂತ ಬಂತು.

"ಇದೇನಪ್ಪಾ, ಮೈನಸ್ ಮಾರ್ಕು?"

ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು ಟೀಚರ್, 10 ಕೆಳಗಿಳಿದರೆ ಶಕ್ತಿ ಹತ್ತರಲ್ಲಿ ಒಂದು ಪಾಲು ಎಂದೆ. "ಓ, ಲಾಗರಿದಮ್ಮಾ!" ಎಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು, ನಾನು ಇನ್ನು ಬಾಯಿ ಬಿಡಬೇಕಾಗಲಿಲ್ಲ.

ನೋಟ್‌ಬುಕ್ ಬಂತು. ಅಂಕಿ ಒಂದೇ ಸಮ ಕುಣಿಯುತ್ತದೆ, ಕೈ ಅಡ್ಡ ಬಂದರೂ ಬದಲಾಗುತ್ತದೆ. ಅದಕ್ಕೇ ಒಂದೊಂದು ಕಡೆ ಒಂದು ನಿಮಿಷ ಅಲುಗಾಡದೆ ನಿಂತು, ಜಾಸ್ತಿ ಹೊತ್ತು ಕಂಡ ಅಂಕಿಯನ್ನೇ ಬರೆದರು. ಅಡುಗೆಮನೆ -66. ಮಂಚ -82. ವಿಡಿಯೋ ಕಾಲ್‌ಗೆ ಸುಮಾರು -67 ಇದ್ದರೆ ತೊಂದರೆಯಿಲ್ಲ, -80ಕ್ಕಿಂತ ಕೆಳಗಿಳಿದರೆ ಕಷ್ಟ. ಹಾಲ್‌ಗೂ ಮಂಚಕ್ಕೂ 44 ವ್ಯತ್ಯಾಸ. ಅಂದರೆ ಮಂಚಕ್ಕೆ ತಲುಪುವುದು ಇಪ್ಪತ್ತೈದು ಸಾವಿರದಲ್ಲಿ ಒಂದು ಪಾಲು ಎಂದು ಅವರೇ ಲೆಕ್ಕ ಹಾಕಿದರು.

ಆಮೇಲೆ ಕೇಳಿದ್ದೇ ಸರಿಯಾದ ಪ್ರಶ್ನೆ. "ಅಡುಗೆಮನೆ ಇನ್ನೂ ದೂರ ಅಲ್ವಾ? ಅಲ್ಲಿ ಯಾಕೆ ಚೆನ್ನಾಗಿದೆ?"

ರೂಟರ್ ಇರುವ ಗೋಡೆಯ ಆಚೆ ಬದಿಗೆ, ರೂಮಿನಲ್ಲಿ, ಕಬ್ಬಿಣದ ಬೀರು ನಿಂತಿದೆ. ಗೋಡೆ ಒಂದಿಷ್ಟು ಸಿಗ್ನಲ್ ನುಂಗುತ್ತದೆ. ಕಬ್ಬಿಣ ಬಂದದ್ದನ್ನೆಲ್ಲ ಹಿಂದಕ್ಕೇ ಕಳಿಸುತ್ತದೆ. ಬೀರುವನ್ನು ಯಾರು ಸರಿಸುತ್ತಾರೆ? ವೈರ್ ಎಟುಕುವಷ್ಟು ದೂರ, ರೂಮಿನ ಬಾಗಿಲಿಗೆ ನೇರವಾಗಿ, ಶೋಕೇಸ್ ಮೇಲೆ ರೂಟರ್ ಇಟ್ಟೆವು. ಮಂಚದಲ್ಲಿ -65.

ಇಲ್ಲಿಗೆ ಮುಗೀತು ಅಂದುಕೊಂಡೆ. ರಾತ್ರಿ ಒಂಬತ್ತಕ್ಕೆ ಮತ್ತೆ ಕರೆದರು. ಸಿಗ್ನಲ್ -65ರಲ್ಲೇ ಇದೆ, ಕಾಲ್ ಮಾತ್ರ ತಡವರಿಸುತ್ತಿದೆ. ನನ್ನ ಹಳೇ ಲ್ಯಾಪ್‌ಟಾಪ್ ತಂದು, ಅದರ ವೈಫೈ ಆಫ್ ಮಾಡಿ, ರೂಟರ್‌ಗೆ ಕೇಬಲ್ ಚುಚ್ಚಿದೆವು. ಟೀಚರ್ ಮೊಬೈಲನ್ನೂ ವೈಫೈನಿಂದ ತೆಗೆದು ಸ್ಪೀಡ್ ನೋಡಿದೆವು. 50ಕ್ಕೆ 14. ಮಧ್ಯಾಹ್ನ ಇದೇ ಕೇಬಲ್‌ನಲ್ಲಿ 48 ಬಂದಿತ್ತು. ಗೋಡೆ, ಬೀರು ಯಾವುದೂ ಕೇಬಲ್‌ಗೆ ಅಡ್ಡ ಬರುವುದಿಲ್ಲ. ಈ ತಪ್ಪು ಕಂಪನಿಯದ್ದೇ.

ಟೀಚರ್ ಮುಖದಲ್ಲಿ ಖುಷಿ! ಕೂಡಲೇ ಫೋನ್ ಹಚ್ಚಿದರು. ಈ ಸಲ ಬೈಗುಳ ಇಲ್ಲ. "ವೈಫೈ ಅಲ್ಲಪ್ಪಾ, ಕೇಬಲ್ ಹಾಕಿ ನೋಡಿದ್ದೇನೆ. ಮಧ್ಯಾಹ್ನ 48, ಈಗ 14. ಬರ್ಕೋ. ಹುಡುಗನ್ನ ಕಳಿಸೋದಾದ್ರೆ ರಾತ್ರಿ ಒಂಬತ್ತಕ್ಕೇ ಕಳಿಸು."