ಶನಿವಾರದ ಕೆಲಸಕ್ಕೊಂದು ಅರ್ಜಿ

ಧಾರವಾಡದ ಪ್ರಕಾಶಕರೊಬ್ಬರು ಆರು ಮಕ್ಕಳ ಪುಸ್ತಕಗಳಿಗೆ ಪುಟವಿನ್ಯಾಸ ಮಾಡಿಕೊಡಿ ಅಂದರು. ಶನಿವಾರಗಳಲ್ಲಿ ಮಾಡಿದರೆ ಸಾಕು ಅಂತಲೂ ಹೇಳಿದರು. ವಾರವಿಡೀ ಬೆಂಗಳೂರಿನ ಆಫೀಸಿನಲ್ಲಿ ಬ್ಯಾಂಕಿಂಗ್ ಆ್ಯಪಿನ ಬಟನ್‌ಗಳನ್ನು ಅತ್ತಿತ್ತ ಸರಿಸುವವನು ನಾನು. ತಕ್ಷಣ ಹೂಂ ಅಂದುಬಿಟ್ಟೆ.

ರಾತ್ರಿ ಯಾಕೋ ಅನುಮಾನ ಬಂದು ನೇಮಕಾತಿ ಪತ್ರ ತೆಗೆದೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ಯಾವ ಕೆಲಸವನ್ನೂ ಮಾಡುವಂತಿಲ್ಲ ಎಂದಿತ್ತು. ಸೇರುವಾಗ ಓದದೆ ಸಹಿ ಹಾಕಿದ್ದೆ. 2022ರಲ್ಲಿ ಮೂನ್‌ಲೈಟಿಂಗ್, ಅಂದರೆ ಕಂಪನಿಗೆ ಹೇಳದೆ ಹೊರಗೆ ಇನ್ನೊಂದು ಕೆಲಸ ಮಾಡುವ ವಿಷಯಕ್ಕೆ ಗಲಾಟೆ ಎದ್ದು ಕೆಲವು ಐಟಿಯವರು ಕೆಲಸ ಕಳೆದುಕೊಂಡಿದ್ದು ನೆನಪಾಯಿತು.

ಮ್ಯಾನೇಜರ್ ಕಾಫಿ ಕುಡಿಯುತ್ತಾ, "ಮಾಡು ಮಾರಾಯ, ಯಾರು ಕೇಳ್ತಾರೆ?" ಅಂದರು. ಒಳ್ಳೆಯ ಮನುಷ್ಯ. ಆದರೆ ನಾಳೆ ಅವರೇ ಕೆಲಸ ಬಿಟ್ಟರೆ ಆ ಮಾತೂ ಅವರ ಜೊತೆಗೇ ಹೋಗುತ್ತದೆ ಅಲ್ವಾ?

ಸರಿ, ಹೆಚ್‌ಆರ್‌ಗೆ ಬರೆಯಲು ಕೂತೆ. ಮನೆ ಸಾಲ, ಮಗಳ ಫೀಸು, ಕನ್ನಡದ ಮೇಲಿನ ಪ್ರೀತಿ ಎಲ್ಲ ಸೇರಿ ಒಂದೂವರೆ ಪುಟವಾಯಿತು. ಪಕ್ಕದ ಸೀಟಿನ ಹಿರಿಯ ಮೇಡಂ ಓದಿ ನಕ್ಕರು. "ಸಾಲದ ಅರ್ಜಿ ಇದ್ದ ಹಾಗಿದೆ. ನಿಮ್ಮ ಕಷ್ಟ ಅವರಿಗೆ ಯಾಕ್ರೀ? ಇದರಿಂದ ಕಂಪನಿಗೆ ತೊಂದರೆ ಆಗುತ್ತಾ ಇಲ್ವಾ, ಅದನ್ನ ಹೇಳಿ."

ಎಲ್ಲ ಅಳಿಸಿ ಮತ್ತೆ ಬರೆದೆ:

"ಮಕ್ಕಳ ಪುಸ್ತಕ ಪ್ರಕಟಿಸುವ ಸಂಸ್ಥೆಯೊಂದಕ್ಕೆ ಪುಟವಿನ್ಯಾಸ ಮಾಡಿಕೊಡಲು ಅನುಮತಿ ಕೋರುತ್ತೇನೆ. ಸಂಸ್ಥೆಯ ವಿವರ ಲಗತ್ತಿಸಿದ್ದೇನೆ. ಅವಧಿ ಆರು ತಿಂಗಳು, ಶನಿವಾರ ಮಾತ್ರ, ಐದು ತಾಸು ಮೀರದಂತೆ. ಅವರು ನಮ್ಮ ಗ್ರಾಹಕರೂ ಅಲ್ಲ, ಪ್ರತಿಸ್ಪರ್ಧಿಯೂ ಅಲ್ಲ. ನನ್ನ ಸ್ವಂತ ಲ್ಯಾಪ್‌ಟಾಪ್, ಸ್ವಂತ ಸಾಫ್ಟ್‌ವೇರ್ ಬಳಸುತ್ತೇನೆ. ರಿಲೀಸ್ ಇರುವ ವಾರಾಂತ್ಯದಲ್ಲಿ ಆಫೀಸಿನ ಕೆಲಸವೇ ಮೊದಲು."

ಕಳಿಸುವ ಮುಂಚೆ ಮೇಡಂ ಇನ್ನೊಂದು ಷರತ್ತು ತೋರಿಸಿದರು. ಉದ್ಯೋಗದಲ್ಲಿರುವಷ್ಟು ಕಾಲ ನಾನು ರಚಿಸಿದ್ದೆಲ್ಲ ಕಂಪನಿಯ ಸ್ವತ್ತು! ಆಫೀಸ್ ಸಮಯದಲ್ಲಿ ರಚಿಸಿದ್ದು ಮಾತ್ರ ಅಂತ ಎಲ್ಲೂ ಇಲ್ಲ. ಬರೀ ಅನುಮತಿ ಸಿಕ್ಕಿದರೆ ಕೆಲಸವೇನೋ ಮಾಡಬಹುದು, ಆದರೆ ಆ ಪುಟಗಳು ಯಾರದು ಅನ್ನೋ ತಕರಾರು ಹಾಗೇ ಉಳಿಯುತ್ತದೆ. ಪ್ರಕಾಶಕರಿಗೆ ಹಕ್ಕು ಬರೆದುಕೊಡುವಾಗ ನಾನು ಇನ್ನೊಬ್ಬರ ವಸ್ತು ಕೊಟ್ಟಂತಾಗಬಾರದಲ್ಲ. ಅದಕ್ಕೇ, "ನಾನು ರಚಿಸಿದ್ದೆಲ್ಲ ಕಂಪನಿಯ ಸ್ವತ್ತು ಎಂಬ ಷರತ್ತು ಈ ಪುಸ್ತಕಗಳ ವಿನ್ಯಾಸಕ್ಕೆ ಅನ್ವಯಿಸುವುದಿಲ್ಲ ಎಂದು ಉತ್ತರದಲ್ಲಿ ದಯವಿಟ್ಟು ತಿಳಿಸಿ" ಅಂತ ಸೇರಿಸಿದೆ.

ಒಂಬತ್ತು ದಿನ ಸದ್ದೇ ಇಲ್ಲ. ಅಷ್ಟರಲ್ಲಿ ಪ್ರಕಾಶಕರಿಂದ ಎರಡು ಸಲ ಫೋನ್. "ಪುಟ ಕಟ್ಟಾಕೂ ಪರ್ಮಿಷನ್ ಬೇಕೇನ್ರೀ?" ಅಂತ ಅವರಿಗೆ ನಗು.

ಹತ್ತನೇ ದಿನ ಉತ್ತರ ಬಂತು. ಆರು ತಿಂಗಳಿಗೆ ಒಪ್ಪಿಗೆ, ಮುಂದುವರಿಸುವುದಾದರೆ ಮತ್ತೆ ಕೇಳಬೇಕು. ಪುಸ್ತಕದಲ್ಲಿ ಕಂಪನಿಯ ಹೆಸರು ಬರಕೂಡದು. ವಿನ್ಯಾಸದ ಮೇಲೆ ಕಂಪನಿಗೆ ಹಕ್ಕಿಲ್ಲ ಅನ್ನೋ ಸಾಲೂ ಇತ್ತು. ಆಫೀಸ್ ಮೇಲ್ ಕೆಲಸ ಬಿಟ್ಟ ದಿನವೇ ಮುಚ್ಚಿಹೋಗುತ್ತದೆ. ಹಾಗಾಗಿ ಆ ಉತ್ತರದ ಪ್ರಿಂಟ್ ತೆಗೆದು ನೇಮಕಾತಿ ಪತ್ರದ ಫೈಲಿನಲ್ಲೇ ಇಟ್ಟೆ. ಆಮೇಲೆ ಧಾರವಾಡಕ್ಕೆ ಫೋನ್ ಹಚ್ಚಿದೆ.