ಚಿಕನ್ ಡಬ್ಬಿ: ತೂಕ ಹಸಿಯದ್ದೋ, ಬೆಂದದ್ದೋ?

"ಸರ್, ಡಬ್ಬಿಗೆ ಹಾಕುವ ಚಿಕನ್, ಅನ್ನ ಬೇಯಿಸುವ ಮೊದಲು ತೂಗಬೇಕಾ, ಬೆಂದ ಮೇಲಾ?"

ಮೊದಲು. ಲೆಕ್ಕ ಹಸಿಯದ್ದು, ಹಂಚುವುದು ಬೆಂದದ್ದು.

ನನ್ನ ಮಧ್ಯಾಹ್ನದ ಡಬ್ಬಿಯಲ್ಲಿ 40 ಗ್ರಾಂ ಪ್ರೊಟೀನ್, 50 ಗ್ರಾಂ ಕಾರ್ಬ್ಸ್, 15 ಗ್ರಾಂ ಕೊಬ್ಬು ಇರಬೇಕು. ಸುಮಾರು 500 ಕ್ಯಾಲೊರಿ. ಅದಕ್ಕೆ ಹಸಿ ಚಿಕನ್ ಬ್ರೆಸ್ಟ್ 150 ಗ್ರಾಂ, ಕುಚ್ಚಲಕ್ಕಿ 50 ಗ್ರಾಂ, ಪಲ್ಯಕ್ಕೆ ಹಸಿ ಅಲಸಂಡೆ ಕಾಯಿ 100 ಗ್ರಾಂ. ಚಿಕನ್‌ನಿಂದ 34 ಗ್ರಾಂ ಪ್ರೊಟೀನ್ ಬರುತ್ತದೆ, ಉಳಿದದ್ದನ್ನು ಅಕ್ಕಿ ಮತ್ತು ಅಲಸಂಡೆ ತುಂಬಿಸುತ್ತವೆ. ಕಾರ್ಬ್ಸ್‌ನಲ್ಲಿ ಹೆಚ್ಚಿನ ಪಾಲು ಅಕ್ಕಿಯದು, ಸುಮಾರು 39 ಗ್ರಾಂ. ಚಿಕನ್‌ನಲ್ಲಿ ಕೊಬ್ಬು ಬರೀ 4 ಗ್ರಾಂ. ಹಾಗಾಗಿ ಒಂದು ಟೀ ಚಮಚ ಎಣ್ಣೆಗೂ 15 ಗ್ರಾಂ ತೆಂಗಿನ ತುರಿಗೂ ಜಾಗ ಇದೆ. ತೆಂಗಿನಕಾಯಿ ಬಿಡಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಲೆಕ್ಕಕ್ಕೆ ಸೇರಿಸಿಕೊಂಡರೆ ಸಾಕು.

ಈಗ ತೂಕದ ವಿಷಯ. 100 ಗ್ರಾಂ ಹಸಿ ಬ್ರೆಸ್ಟ್‌ನಲ್ಲಿ ಪ್ರೊಟೀನ್ ಸುಮಾರು 22.5 ಗ್ರಾಂ, ಬೆಂದದ್ದರಲ್ಲಿ 31 ಗ್ರಾಂ. ಪ್ರೊಟೀನ್ ಹೆಚ್ಚಾದದ್ದಲ್ಲ, ನೀರು ಹೋದದ್ದು. ಹಸಿ ಮಾಂಸಕ್ಕೆ ಬೆಂದದ್ದರ ಅಂಕಿ ಹಿಡಿದರೆ ಡಬ್ಬಿಗೆ ಸುಮಾರು 13 ಗ್ರಾಂ ಸುಳ್ಳೇ ಜಾಸ್ತಿ ಕಾಣುತ್ತದೆ. ಅನ್ನದಲ್ಲಿ ಉಲ್ಟಾ. ಶುರುವಿನಲ್ಲಿ ನಾನು ಬೆಂದ ಅನ್ನವನ್ನೇ 50 ಗ್ರಾಂ ತೂಗಿ ಹಾಕಿದ್ದೆ. ಎರಡು ಸೌಟೂ ಇರಲಿಲ್ಲ. ಸಂಜೆ ನಾಲ್ಕಕ್ಕೆ ಕೈಕಾಲು ಸೋತು ಹೋಗುತ್ತಿತ್ತು.

ಕುಚ್ಚಲಕ್ಕಿಗೆ ಬೆಂದ ತೂಕದ ಅಂಕಿಯನ್ನು ನಂಬುವುದೂ ಕಷ್ಟ. ಒಂದು ದಿನ ಬಿಡಿಬಿಡಿ, ಇನ್ನೊಂದು ದಿನ ಮೆತ್ತಗೆ. ನೀರು ಎಷ್ಟು ಹಿಡಿದಿದೆಯೋ ಅಷ್ಟು ತೂಕ. ತಿಳಿ ಬಸಿದರೆ ಅದರ ಜೊತೆ ಸ್ವಲ್ಪ ಪಿಷ್ಟವೂ ಹೋಗುತ್ತದೆ. ಅಷ್ಟು ವ್ಯತ್ಯಾಸ ನಾನು ಬಿಟ್ಟುಬಿಡುತ್ತೇನೆ.

ಹಾಗಾಗಿ ಭಾನುವಾರ ಐದು ಡಬ್ಬಿಯ ಸಾಮಾನನ್ನು ಒಟ್ಟಿಗೇ ತೂಗುತ್ತೇನೆ. ಚಿಕನ್ 750 ಗ್ರಾಂ, ತೊಳೆದು ನೀರು ಒರೆಸಿದ ಮೇಲೆ. ಅಕ್ಕಿ 250. ಖಾಲಿ ಪಾತ್ರೆಯ ತೂಕ ಬರೆದಿಡುತ್ತೇನೆ. ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಅದನ್ನು ಕಳೆದು, ಐದರಿಂದ ಭಾಗಿಸುತ್ತೇನೆ. ಕಳೆದ ವಾರ ಚಿಕನ್ 560 ಗ್ರಾಂ ಆಯಿತು, ಡಬ್ಬಿಗೆ 112. ಅನ್ನ 750, ಡಬ್ಬಿಗೆ 150. ಮುಂದಿನ ವಾರ ಅನ್ನ 800 ಆದರೆ ಡಬ್ಬಿಗೆ 160 ಬೀಳುತ್ತದೆ, ಕಾರ್ಬ್ಸ್ ಮಾತ್ರ ಅಷ್ಟೇ. ಎಣ್ಣೆಯನ್ನು ಮಾತ್ರ ಕಣ್ಣಂದಾಜಿನಲ್ಲಿ ಸುರಿಯಬೇಡಿ. ಒಂದು ಟೀ ಚಮಚ ಹೆಚ್ಚಾದರೆ 45 ಕ್ಯಾಲೊರಿ.

ನಮ್ಮ ಮಂಗಳೂರಿನ ಸೆಕೆಗೆ ಅನ್ನವನ್ನು ಪಾತ್ರೆಯಲ್ಲೇ ಬಿಡಬಾರದು. ಅಗಲ ತಟ್ಟೆಯಲ್ಲಿ ಹರವಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಮೂರು ಡಬ್ಬಿ ಫ್ರಿಜ್‌ನಲ್ಲಿ, ಎರಡು ಫ್ರೀಜರ್‌ನಲ್ಲಿ. ತೆಂಗಿನ ತುರಿ ಬೇಗ ಹಳಸುತ್ತದೆ ಅಲ್ವಾ, ಅದನ್ನು 15 ಗ್ರಾಂನ ಪೊಟ್ಟಣ ಮಾಡಿ ಫ್ರೀಜರ್‌ನಲ್ಲಿಟ್ಟು, ಆಯಾ ದಿನ ಬೆಳಿಗ್ಗೆ ಪಲ್ಯ ಬಿಸಿ ಮಾಡುವಾಗ ಸೇರಿಸುತ್ತೇನೆ.